ಅವ್ವನ ಮೊಟ್ಟೆ, ಮೂರು ಚಮಚ ಉಪ್ಪು

ನಮ್ಮೂರಲ್ಲಿ ಬರೀ ‘ಮೊಟ್ಟೆ’ ಅಂದರೆ ಕೋಳಿಮೊಟ್ಟೆಯಲ್ಲ, ರೇಷ್ಮೆ ಮೊಟ್ಟೆ. ‘ಈ ಸಲ ಎಷ್ಟು ಮೊಟ್ಟೆ ತಂದ್ರಿ?’ ಎಂದು ಯಾರಾದರೂ ಅಪ್ಪನನ್ನು ಕೇಳಿದರೆ, ಅಪ್ಪ ‘ನೂರು’ ಅಂತಲೋ ‘ನೂರೈವತ್ತು’ ಅಂತಲೋ ಹೇಳುತ್ತಿದ್ದರು. ಒಂದು ಚಿಟ್ಟೆ ಹಾಳೆಯ ಮೇಲೆ ಇಟ್ಟ ನಾನೂರು, ಐನೂರು ಸಾಸಿವೆಯಂಥ ಕಾಳೆಲ್ಲ ಸೇರಿ ಅವರ ಲೆಕ್ಕದಲ್ಲಿ ಒಂದು ಮೊಟ್ಟೆ. ಶಿಡ್ಲಘಟ್ಟ ತಾಲೂಕಿನಲ್ಲಿ, ಚಿಂತಾಮಣಿ ಕಡೆ ಹೋಗುವ ರಸ್ತೆಯಿಂದ ಒಂದಿಷ್ಟು ಒಳಗೆ ನಮ್ಮೂರು. ಆ ಹಾಳೆಯ ಮೊಟ್ಟೆಗಳು ಮನೆಯ ಗಂಡಸರ ವ್ಯವಹಾರ. ಕೋಳಿಮೊಟ್ಟೆ ಮಾತ್ರ ಅವ್ವನದು. ನಮ್ಮ ಕಡೆ ಅರ್ಧ ಊರು ಮನೆಯೊಳಗೆ ತೆಲುಗು ಆಡುತ್ತದೆ, ಹಾಗಾಗಿ ಅವ್ವ ಅಂದರೆ ತಾಯಿಯಲ್ಲ, ಅಜ್ಜಿ. ಕೋಳಿಮೊಟ್ಟೆಯನ್ನು ಅವಳು ‘ಗುಡ್ಡು’ ಅನ್ನುತ್ತಿದ್ದಳು. ಉಪ್ಪು ಮಾತ್ರ ಎರಡೂ ಭಾಷೆಯಲ್ಲಿ ಉಪ್ಪೇ.

ನಾನು ಏಳನೇ ಕ್ಲಾಸಿನಲ್ಲಿದ್ದೆ. 1994ರ ಜನವರಿ. ಆಗ ನಮ್ಮದೆಲ್ಲ ಕೋಲಾರ ಜಿಲ್ಲೆ, ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗಲು ಇನ್ನೂ ಹದಿಮೂರು ವರ್ಷ ಇತ್ತು. ಚಿಕ್ಕಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ಸುತ್ತಲಿನ ತಾಲೂಕುಗಳ ಶಾಲೆಗಳಿಗೆಲ್ಲ ವಿಜ್ಞಾನ ವಸ್ತುಪ್ರದರ್ಶನ ಇದೆ, ನಮ್ಮ ಶಾಲೆಯಿಂದಲೂ ಒಂದು ಹೋಗಲಿ ಎಂದು ವಿಜ್ಞಾನದ ಮೇಷ್ಟ್ರಿಗೆ ಆಸೆ ಹುಟ್ಟಿತು. ಅವರು ಗೌರಿಬಿದನೂರಿನ ಕಡೆಯವರು. ಎಚ್. ನರಸಿಂಹಯ್ಯನವರ ಹುಟ್ಟೂರು ಹೊಸೂರು ನಮ್ಮೂರಿನ ಪಕ್ಕದಲ್ಲೇ ಎಂದು ವರ್ಷಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಓದಬೇಕೆಂದು ಹುಡುಗ ನರಸಿಂಹಯ್ಯ ಅಲ್ಲಿಂದ ಬೆಂಗಳೂರಿಗೆ ನಡೆದುಕೊಂಡೇ ಹೋದ ಕತೆಯನ್ನೂ ಹೇಳುತ್ತಿದ್ದರು. ನಮ್ಮ ಶಾಲೆಯಲ್ಲಿ ಪ್ರಯೋಗದ ಸಾಮಾನು ಅಂದರೆ ಒಂದು ಬೀರು, ಅದರ ಬೀಗದ ಕೈ ಯಾರ ಹತ್ತಿರ ಇದೆ ಎಂಬುದೇ ಒಂದು ಸಂಶೋಧನೆ. ಖರ್ಚಿಲ್ಲದೆ ಮಾಡಬಹುದಾದದ್ದು ಏನು ಎಂದು ಯೋಚಿಸಿ ಮೇಷ್ಟ್ರು ಕೊನೆಗೆ, ಉಪ್ಪು ನೀರಿನಲ್ಲಿ ಮೊಟ್ಟೆ ತೇಲಿಸುವುದು ಎಂದು ತೀರ್ಮಾನಿಸಿದರು.

ನನ್ನನ್ನು ಆರಿಸಿದ್ದು ನಾನು ಬುದ್ಧಿವಂತೆ ಎಂದಲ್ಲ. ಮೇಷ್ಟ್ರು ಮೊಟ್ಟೆ ಮುಟ್ಟುತ್ತಿರಲಿಲ್ಲ. ಕ್ಲಾಸಿನಲ್ಲಿ ಚೆನ್ನಾಗಿ ಓದುತ್ತಿದ್ದ ಇನ್ನಿಬ್ಬರು ಹುಡುಗಿಯರ ಮನೆಯಲ್ಲೂ ಮೊಟ್ಟೆ ಆಗುತ್ತಿರಲಿಲ್ಲ. ‘ನಿಮ್ಮನೇಲಿ ಕೋಳಿ ಇದಾವಲ್ಲಮ್ಮ?’ ಎಂದು ಅವರು ಕೇಳಿದರು, ‘ಇದಾವೆ ಸಾರ್’ ಅಂದೆ, ಅಷ್ಟರಲ್ಲಿ ಆಯ್ಕೆ ಮುಗಿಯಿತು. ಪಾಪ, ಅವರು ಮೊದಲು ಆಲೂಗಡ್ಡೆಯಲ್ಲಿ ಮಾಡೋಣ ಎಂದೂ ನೋಡಿದ್ದರು. ಆಲೂಗಡ್ಡೆಯೂ ಸಾದಾ ನೀರಿನಲ್ಲಿ ಮುಳುಗಿ ಉಪ್ಪು ನೀರಿನಲ್ಲಿ ತೇಲುತ್ತದೆ. ಆದರೆ ಆಲೂಗಡ್ಡೆ ಬೆಳೆಯುವ ಸೀಮೆಯಲ್ಲಿ ಆಲೂಗಡ್ಡೆ ತೋರಿಸಿದರೆ ಯಾರು ನಿಂತು ನೋಡುತ್ತಾರೆ ಎಂದು ಅವರಿಗೇ ಅನ್ನಿಸಿತು.

ಶಾಲೆಯಲ್ಲಿ ಮಾಡಿ ನೋಡಿದ ದಿನ ಮೇಷ್ಟ್ರು ಅಂಗಡಿಯಿಂದ ಒಂದು ಮೊಟ್ಟೆ ತರಿಸಿದರು. ನ್ಯೂಸ್‌ಪೇಪರಿನ ತುಂಡಿನಲ್ಲಿ ಅದನ್ನು ಹಿಡಿದು ನನ್ನ ಕೈಗೆ ದಾಟಿಸಿದರು. ಎರಡು ಹಾರ್ಲಿಕ್ಸ್ ಬಾಟಲಿಗೆ ಅರ್ಧರ್ಧ ಲೀಟರ್ ನೀರು. ಒಂದರಲ್ಲಿ ಮೊಟ್ಟೆ ಬಿಟ್ಟೆ, ತಳ ಸೇರಿತು. ಇನ್ನೊಂದಕ್ಕೆ ಪುಡಿ ಉಪ್ಪನ್ನು ಚಮಚ ಚಮಚ ಹಾಕಿ ಕಲಸುತ್ತ ಹೋದೆವು. ಮೂರನೇ ಚಮಚ ಕರಗಿದ ಮೇಲೆ ಮೊಟ್ಟೆ ಬಿಟ್ಟರೆ, ಅದು ಕೆಳಗೆ ಹೋಗಿ, ಏನೋ ಮರೆತು ಬಂದವರ ಹಾಗೆ ಹಿಂದಿರುಗಿ ಮೇಲೆ ಬಂತು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ಹೊಡೆಯಿತು. ಮೇಷ್ಟ್ರು ನನ್ನಿಂದ ಚಾರ್ಟು ಬರೆಸಿದರು: ‘ಉಪ್ಪು ನೀರಿನ ಸಾಂದ್ರತೆ ಸಾದಾ ನೀರಿನ ಸಾಂದ್ರತೆಗಿಂತ ಹೆಚ್ಚು. ಆದ್ದರಿಂದ ಉಪ್ಪು ನೀರಿನಲ್ಲಿ ಮೊಟ್ಟೆ ತೇಲುತ್ತದೆ.’ ಅದನ್ನು ಬಾಯಿಪಾಠ ಮಾಡಿದೆ. ಸಾಂದ್ರತೆ ಅಂದರೆ ಏನು ಎಂದು ಯಾರಾದರೂ ಕೇಳಿದರೆ ಹೇಳಲು ಇನ್ನೊಂದು ವಾಕ್ಯವನ್ನೂ ಬಾಯಿಪಾಠ ಮಾಡಿದೆ. ಪ್ರದರ್ಶನಕ್ಕೆ ಬೇಕಾದ ಉಪ್ಪನ್ನು ಅದೇ ಚಮಚದಲ್ಲಿ ಸರಿಯಾಗಿ ಮೂರು ಅಳೆದು, ಪೊಟ್ಟಣ ಕಟ್ಟಿ ಬ್ಯಾಗಿಗೆ ಹಾಕಿಕೊಂಡೆ. ಇದೊಂದು ನನ್ನ ಜಾಣತನ. ಮೇಷ್ಟ್ರು ಹೇಳಿರಲಿಲ್ಲ.

ಅವ್ವನ ಹತ್ತಿರ ಮೊಟ್ಟೆ ಕೇಳುವುದು ಸುಲಭವಾಗಿರಲಿಲ್ಲ. ಕೆಂಪು ಕೋಳಿ ಆಗ ಮೊಟ್ಟೆ ಇಡುತ್ತಿತ್ತು, ಅವ್ವ ಅವನ್ನು ಕಾವಿಗೆಂದು ರಾಗಿ ಡಬ್ಬಿಯಲ್ಲಿ ಹುಗಿದು ಕೂಡಿಡುತ್ತಿದ್ದಳು. ಒಂದು ಮೊಟ್ಟೆ ಕೊಟ್ಟರೆ ಒಂದು ಮರಿ ಕಡಿಮೆ, ಆ ಮರಿ ದೊಡ್ಡದಾಗಿದ್ದರೆ ಹಬ್ಬಕ್ಕೆ ಅದರ ಬೆಲೆ ಎಷ್ಟು ಎಂಬ ಲೆಕ್ಕ ಅವಳ ಬೆರಳ ತುದಿಯಲ್ಲಿತ್ತು. ‘ಅಂಗಡಿದೇ ತಗೊಂಡೋಗು’ ಅಂದಳು. ಅಂಗಡಿದಕ್ಕೆ ದುಡ್ಡು ಕೊಡು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅವತ್ತು ಬೆಳಗ್ಗೆ ಇಟ್ಟಿದ್ದ ಒಂದು, ಹಿಂದಿನ ದಿನದ್ದು ಒಂದು, ಎರಡನ್ನು ಸೀಸದ ಕಡ್ಡಿಯಿಂದ ಗೀಟು ಹಾಕಿ ನನ್ನ ಊಟದ ಡಬ್ಬಿಯಲ್ಲಿ ರಾಗಿ ಸುರಿದು ಅದರಲ್ಲಿ ಹುಗಿದಳು. ‘ಅಷ್ಟು ದೂರ ಹೋಗ್ತಾ ಹಳೇದು ಯಾಕೆ ತಗೊಂಡೋಗ್ತೀಯ, ಹೊಸದೇ ತಗೊಂಡೋಗು. ಎರಡೂ ವಾಪಸ್ ತರ್ಬೇಕು. ಕಾವಿಗೆ ಇಡೋದಿದೆ.’

ಶಿಡ್ಲಘಟ್ಟದಲ್ಲಿ ಬಸ್ಸು ಬದಲಾಯಿಸಿದೆವು. ಅವತ್ತು ಗೂಡಿನ ಮಾರ್ಕೆಟ್ಟಿಗೆ ಬಂದವರ ಚೀಲಗಳ ನಡುವೆ ಊಟದ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ನಿಂತದ್ದು ನೆನಪಿದೆ. ಚಿಕ್ಕಬಳ್ಳಾಪುರ ತಲುಪಿದಾಗ ರಾಗಿ ಒಳಗೆ ಎರಡೂ ಮೊಟ್ಟೆ ಕೂದಲೆಳೆ ಬಿರುಕೂ ಇಲ್ಲದೆ ಕೂತಿದ್ದವು. ಈಗಲೂ ಮೊಟ್ಟೆ ಸಾಗಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಆ ಹೈಸ್ಕೂಲಿನ ಹಾಲಿನಲ್ಲಿ ಬೆಂಚು ಜೋಡಿಸಿ ಒಂದೊಂದು ಶಾಲೆಗೆ ಒಂದೊಂದು ಜಾಗ ಕೊಟ್ಟಿದ್ದರು. ನನ್ನ ದುರದೃಷ್ಟಕ್ಕೆ ನನ್ನ ಪಕ್ಕದಲ್ಲಿ ಗೌರಿಬಿದನೂರಿನ ಮೂವರು ಹುಡುಗರ ಭೂಕಂಪನ ಅಳೆಯುವ ಯಂತ್ರ ಇತ್ತು. ಸ್ಪ್ರಿಂಗಿಗೆ ಇಟ್ಟಿಗೆ ತೂಗುಬಿಟ್ಟು, ಇಟ್ಟಿಗೆಗೆ ಪೆನ್ನು ಕಟ್ಟಿ, ಕೆಳಗೆ ಕಾಗದದ ಸುರುಳಿ ಎಳೆಯುತ್ತಿದ್ದರು. ಮೇಜು ಕುಟ್ಟಿದರೆ ಗೆರೆ ಡೊಂಕಾಗುತ್ತಿತ್ತು. ಗೌರಿಬಿದನೂರಿನ ಹುಡುಗರಿಗೆ ಇದು ಎಲ್ಲಿಂದ ಹೊಳೆಯಿತು ಎಂದು ಕೇಳಬೇಕಾಗಿಲ್ಲ. ಭಾಭಾ ಅಣುಶಕ್ತಿ ಕೇಂದ್ರದ ಭೂಕಂಪನ ಮಾಪನ ಕೇಂದ್ರ ಅವರ ಊರಿನ ಹತ್ತಿರ 1965ರಿಂದ ಇದೆ. ಅದೂ ಅಲ್ಲದೆ ಲಾತೂರಿನ ಕಿಲ್ಲಾರಿ ಭೂಕಂಪ ಆಗಿ ನಾಲ್ಕು ತಿಂಗಳಾಗಿತ್ತಷ್ಟೆ, ಸೆಪ್ಟೆಂಬರ್ ಮೂವತ್ತರ ನಸುಕಿನಲ್ಲಿ ನಿದ್ದೆಯಲ್ಲೇ ಸಾವಿರಾರು ಜನ ಸತ್ತದ್ದು ಎಲ್ಲರ ಬಾಯಲ್ಲೂ ಇತ್ತು. ಜನ ಅವರ ಮೇಜಿಗೆ ಮುತ್ತಿಕೊಂಡು, ನಮಗೂ ಬರುತ್ತಾ ಎಂದು ಆ ಹುಡುಗರನ್ನೇ ಕೇಳುತ್ತಿದ್ದರು. ನನ್ನ ಮೇಜಿಗೆ ಬಂದವರೆಲ್ಲ ಅಲ್ಲಿ ಜಾಗ ಸಿಗದೆ ಈ ಕಡೆ ತಳ್ಳಲ್ಪಟ್ಟವರು.

ಮೊದಲ ಸಲ ತೋರಿಸಲು ನಿಂತಾಗ ಎದುರಿಗೆ ಏಳೆಂಟು ಜನ ಇದ್ದರು. ಸಾದಾ ನೀರಿನಲ್ಲಿ ಮೊಟ್ಟೆ ಮುಳುಗಿಸಿದೆ. ಪೊಟ್ಟಣ ಬಿಚ್ಚಿ ಮೂರು ಚಮಚ ಉಪ್ಪನ್ನು ಇನ್ನೊಂದು ಬಾಟಲಿಗೆ ಸುರಿದು, ನೀರು ತಿಳಿಯಾಗುವವರೆಗೆ ಕಲಸಿದೆ. ಬಾಯಿಪಾಠದ ವಾಕ್ಯ ಹೇಳುತ್ತ ಮೊಟ್ಟೆ ಬಿಟ್ಟೆ. ಕೆಳಗೆ ಹೋಯಿತು. ಹಿಂದಿರುಗಲಿಲ್ಲ. ತಳದಲ್ಲಿ ಮೆಲ್ಲಗೆ ಹೊರಳಿ ಮಲಗಿತು. ಇನ್ನೊಂದು ಮೊಟ್ಟೆ ಬಿಟ್ಟೆ. ಅದೂ ಹೋಗಿ ಪಕ್ಕದಲ್ಲಿ ಮಲಗಿತು. ನನ್ನ ಬೆನ್ನ ಹಿಂದೆ ಚಾರ್ಟಿನಲ್ಲಿ ದೊಡ್ಡ ಅಕ್ಷರದಲ್ಲಿ ‘ತೇಲುತ್ತದೆ’ ಎಂದು ಬರೆದಿತ್ತು.

ತೀರ್ಪುಗಾರರಲ್ಲಿ ಒಬ್ಬರು, ಚಿಂತಾಮಣಿಯಲ್ಲಿ ಕಾಲೇಜು ಮೇಷ್ಟ್ರಂತೆ, ಅಷ್ಟು ಹೊತ್ತಿಗೆ ಬಂದು ನಿಂತಿದ್ದರು. ‘ಮುಳುಗಿತಲ್ಲಮ್ಮ’ ಅಂದರು. ‘ಸ್ಕೂಲಲ್ಲಿ ತೇಲಿತ್ತು ಸಾರ್. ಇದೇ ಚಮಚ, ಇಷ್ಟೇ ನೀರು.’ ‘ಉಪ್ಪು?’ ‘ಅದೇ ಪ್ಯಾಕೆಟ್ಟು ಸಾರ್.’ ‘ಮತ್ತೆ ಏನು ಬದಲಾಗಿದೆ?’ ನನಗೆ ತೋಚಲಿಲ್ಲ. ನೀರು ಬೇರೆ ಊರಿನದು ಅಂದೆ. ಅವರು ತಲೆಯಾಡಿಸಿದರು, ಒಪ್ಪಿಯಲ್ಲ. ‘ಬೋರ್‌ವೆಲ್ ನೀರು ಎಷ್ಟು ಗಡಸಾದರೂ ಅದರಲ್ಲಿರೋ ಉಪ್ಪಿನಂಶ ಲೀಟರಿಗೆ ಒಂದೆರಡು ಗ್ರಾಮು. ನೀನು ಹಾಕಿರೋದರ ಮುಂದೆ ಅದು ಯಾವ ಲೆಕ್ಕ? ಯೋಚನೆ ಮಾಡ್ತಿರು, ಮತ್ತೆ ಬರ್ತೀನಿ’ ಎಂದು ಭೂಕಂಪದ ಕಡೆಗೆ ಹೋದರು. ನಮ್ಮ ಮೇಷ್ಟ್ರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಅವರೂ ನನ್ನ ಮುಖ ನೋಡದೆ ಬಾಟಲಿಯನ್ನೇ ನೋಡುತ್ತಿದ್ದರು.

ಗುಂಪಿನಲ್ಲಿ ತಲೆಗೆ ಟವೆಲು ಸುತ್ತಿದ್ದ ಒಬ್ಬ ಮುದುಕರು ಮಾತ್ರ ಹೋಗಿರಲಿಲ್ಲ. ಮೊಮ್ಮಗನ ಜೊತೆ ಬಂದವರಿರಬೇಕು. ಬಾಟಲಿಗೆ ಮುಖ ತಂದು ನೋಡಿ, ‘ಉಪ್ಪು ಚಾಲ್ದು ಪಾಪ’ ಅಂದರು. ಉಪ್ಪು ಸಾಲದು ಮಗು. ತೆಲುಗಿನ ಆ ‘ಪಾಪ’ ಕನ್ನಡದ ‘ಪಾಪ’ದ ಹಾಗೆ ಕೇಳಿಸಿ ನನ್ನ ಕಣ್ಣು ತುಂಬಿ ಬಂತು. ಅವರು ಅದನ್ನು ಗಮನಿಸದೆ ಮಾತು ಮುಂದುವರಿಸಿದರು. ಕೆರೆ ಕೆಳಗೆ ಭತ್ತ ಬೆಳೆಯುವವರು ಬೀಜ ಆರಿಸುವಾಗ ಇದನ್ನೇ ಮಾಡುತ್ತಾರಂತೆ. ಬಾನಿಯಲ್ಲಿ ನೀರು ತುಂಬಿ ಹೊಸ ಮೊಟ್ಟೆಯೊಂದನ್ನು ಬಿಟ್ಟು, ಉಪ್ಪು ಹಾಕಿ ಕಲಸುತ್ತ ಹೋಗಬೇಕು. ಮೊಟ್ಟೆ ಮೇಲೆ ಬಂದು ಅದರ ನೆತ್ತಿ ರೂಪಾಯಿ ಬಿಲ್ಲೆಯಗಲ ನೀರಿನಿಂದ ಹೊರಗೆ ಕಂಡಾಗ ಉಪ್ಪು ಸಾಕು. ಆಮೇಲೆ ಮೊಟ್ಟೆ ತೆಗೆದು ಭತ್ತ ಸುರಿದರೆ ಜೊಳ್ಳು, ಅರೆಗಾಳು ಎಲ್ಲ ತೇಲುತ್ತದೆ, ಗಟ್ಟಿಕಾಳು ತಳದಲ್ಲಿ ನಿಲ್ಲುತ್ತದೆ. ತಳದ್ದನ್ನು ಎರಡು ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆದು ಬಿತ್ತಬೇಕು, ಉಪ್ಪು ಉಳಿದರೆ ಮೊಳಕೆ ಕೆಡುತ್ತದೆ. ‘ನೀವು ಚಮಚ ಯಾಕೆ ಎಣಿಸ್ತೀರಿ? ಎಷ್ಟು ಬೇಕು ಅಂತ ಮೊಟ್ಟೆನೇ ಹೇಳುತ್ತೆ’ ಎಂದು ನಕ್ಕರು.

ಹೊರಗಿನ ಹೋಟೆಲಿನಿಂದ ಮೇಷ್ಟ್ರು ಒಂದು ಕಾಗದದಲ್ಲಿ ಉಪ್ಪು ತಂದರು. ಹರಳುಪ್ಪು. ಗಾಬರಿಯಲ್ಲಿ ನಾನು ಅದನ್ನು ಹಿಡಿ ಹಿಡಿಯಾಗಿ ಬಾಟಲಿಗೆ ಹಾಕಿದೆ. ಒಂದು ಮೊಟ್ಟೆಯನ್ನು ತೆಗೆದಿಟ್ಟಿದ್ದೆ, ಇನ್ನೊಂದು ಒಳಗೇ ಇತ್ತು, ಒಡೆದೀತೆಂದು ಕಲಸಲು ಹೆದರಿದೆ. ಹರಳುಗಳು ತಳಕ್ಕೆ ಹೋಗಿ ಮೊಟ್ಟೆಯ ಸುತ್ತ ಕೂತವು. ಕಾದೆವು. ಹತ್ತು ನಿಮಿಷ ಕಳೆದಿರಬೇಕು, ಮೊಟ್ಟೆ ತಳ ಬಿಟ್ಟು ಎದ್ದಿತು. ಆದರೆ ಮೇಲಕ್ಕೆ ಬರಲಿಲ್ಲ. ಬಾಟಲಿಯ ನಡುವೆ, ಯಾರೋ ಕಾಣದ ದಾರದಲ್ಲಿ ಕಟ್ಟಿ ಇಳಿಬಿಟ್ಟ ಹಾಗೆ ನಿಂತುಬಿಟ್ಟಿತು. ಕೆಳಗೂ ಇಲ್ಲ, ಮೇಲೂ ಇಲ್ಲ. ಭೂಕಂಪದ ಕಡೆಯಿಂದ ಕೆಲವರು ನಮ್ಮ ಕಡೆ ತಿರುಗಿದರು. ಯಾರೋ ಮ್ಯಾಜಿಕ್ಕು ಅಂದರು.

ಕಾಲೇಜು ಮೇಷ್ಟ್ರು ಹಿಂದಿರುಗಿದ್ದು ಆಗ. ‘ಇದು ಯಾಕೆ ನಡುವೆ ನಿಂತಿದೆ?’ ಬಾಯಿಪಾಠ ಮಾಡಿದ್ದರಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಬಾಟಲಿಯನ್ನೇ ನೋಡಿದೆ. ಮೊಟ್ಟೆಯ ಕೆಳಗೆ ನೀರು ಬಿಸಿಲಿನಲ್ಲಿ ರಸ್ತೆ ಕಂಡ ಹಾಗೆ ಸ್ವಲ್ಪ ನಡುಗುತ್ತಿತ್ತು, ಮೇಲೆ ತಿಳಿ ಇತ್ತು. ‘ಉಪ್ಪೆಲ್ಲ ಕೆಳಗೇ ಐತೆ ಸಾರ್. ಕೆಳಗಿನ ನೀರು ಮೊಟ್ಟೆಗಿಂತ ಭಾರ. ಮೇಲಿಂದು ಹಗುರ.’ ಅವರ ಮುಖ ಬದಲಾಯಿತು. ‘ಈಗ ಕಲಸಿದರೆ ಏನಾಗುತ್ತೆ?’ ತೇಲುತ್ತೆ ಅಂದೆ. ‘ಕಲಸು.’ ಮೊಟ್ಟೆಗೆ ತಾಗದಂತೆ ಚಮಚದ ಹಿಡಿಯಿಂದ ಕಲಸಿದೆ. ಮೊಟ್ಟೆ ನಿಧಾನವಾಗಿ ಇಳಿದು ಮತ್ತೆ ತಳ ಸೇರಿತು. ಸುತ್ತ ನಿಂತವರು ನಕ್ಕರು. ಅವರು ನಗಲಿಲ್ಲ. ‘ಕೆಳಗೆ ಒಂದೇ ಕಡೆ ಇದ್ದಾಗ ಸಾಕಾಗಿದ್ದ ಉಪ್ಪು ಎಲ್ಲ ಕಡೆ ಹಂಚಿದಾಗ ಸಾಲಲಿಲ್ಲ. ಇನ್ನೂ ಹಾಕು.’ ಮತ್ತೆ ಹಾಕಿ, ಹರಳು ಪೂರ್ತಿ ಕರಗುವ ತನಕ ಕಲಸಿದೆ. ಈ ಸಲ ಮೊಟ್ಟೆ ಮೇಲೆ ಬಂತು. ಬಂದು, ಮುದುಕರು ಹೇಳಿದಷ್ಟೇ ಅಗಲ ತಲೆ ಹೊರಗೆ ಹಾಕಿತು. ನಾನು ತಿರುಗಿ ನೋಡುವಷ್ಟರಲ್ಲಿ ಮುದುಕರು ಅಲ್ಲಿರಲಿಲ್ಲ.

‘ಒಟ್ಟು ಎಷ್ಟು ಉಪ್ಪು ಹಾಕಿದೆ?’

‘ಎಣಿಸಲಿಲ್ಲ ಸಾರ್.’

‘ಸ್ಕೂಲಲ್ಲಿ ತೇಲಿದ್ದು ಯಾವ ಮೊಟ್ಟೆ?’

‘ಅಂಗಡಿದು.’

‘ಇದು?’

‘ನಮ್ಮವ್ವಂದು. ಅಂದ್ರೆ, ನಮ್ಮ ಕೋಳಿದು. ಇವತ್ತು ಬೆಳಗ್ಗೆ ಇಟ್ಟಿದ್ದು.’

ಅವರು ನನ್ನ ಚಾರ್ಟನ್ನು ತೋರಿಸಿ, ‘ಇಲ್ಲಿ ಬರೀ ಮೊಟ್ಟೆ ಅಂತ ಬರೆದಿದ್ದೀಯ. ಯಾವ ಮೊಟ್ಟೆ ಅಂತ ಬರೀಬೇಕಿತ್ತು. ಊರಿಗೆ ಹೋಗಿ ಎಣಿಸಿ ಮಾಡು’ ಎಂದು ಹೇಳಿ ಹೋದರು. ಬಹುಮಾನ ಭೂಕಂಪಕ್ಕೆ ಬಂತು. ಬರಬೇಕಾದ್ದೇ.

ವಾಪಸ್ ಬಸ್ಸಿನಲ್ಲಿ ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಶಿಡ್ಲಘಟ್ಟ ಬಂದಾಗ, ‘ತಪ್ಪು ನಂದು ಕಣಮ್ಮ, ಒಂದೇ ಸಲ ಮಾಡಿ ನೋಡಿ ಕಳಿಸಿಬಿಟ್ಟೆ’ ಅಂದರು. ಮೇಷ್ಟ್ರು ಹುಡುಗಿಯ ಮುಂದೆ ಹಾಗೆ ಹೇಳುವುದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಎಣಿಸಿ ಮಾಡಿದೆವು. ಮುಂದಿನ ಒಂದು ತಿಂಗಳು ಶನಿವಾರ ಶನಿವಾರ ಅದೇ ಕೆಲಸ. ಉಪ್ಪು ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ ನಮ್ಮ ಒಂದು ಚಮಚಕ್ಕೆ ಹದಿನೈದು ಗ್ರಾಮು ಬಂತು. ಅರ್ಧ ಲೀಟರ್ ನೀರಿಗೆ ಅರ್ಧರ್ಧ ಚಮಚ ಹಾಕಿ, ಪೂರ್ತಿ ಕರಗಿಸಿ, ಮೊಟ್ಟೆ ಬಿಟ್ಟು ನೋಡಿ ಬರೆಯುವುದು. ಅವತ್ತೇ ಇಟ್ಟ ಮೊಟ್ಟೆ ನಾಲ್ಕೂವರೆ ಚಮಚಕ್ಕೆ ತಳ ಬಿಟ್ಟಿತು, ಆರು ಚಮಚಕ್ಕೆ ರೂಪಾಯಿಯಗಲ ನೆತ್ತಿ ಕಾಣಿಸಿತು. ಹತ್ತು ದಿನ ಇಟ್ಟ ಮೊಟ್ಟೆಗೆ ಮೂರೂವರೆ ಚಮಚವೇ ಸಾಕಾಯಿತು. ಇಪ್ಪತ್ತು ದಿನದ್ದಕ್ಕೆ ಎರಡೂವರೆ. ಅಂಗಡಿಯ ಮೊಟ್ಟೆ ಎಷ್ಟು ದಿನ ಕೂತಿತ್ತೋ ದೇವರೇ ಬಲ್ಲ, ಅದು ಮೂರು ಚಮಚಕ್ಕೆ ಎದ್ದು ಬಂದದ್ದರಲ್ಲಿ ಆಶ್ಚರ್ಯ ಇರಲಿಲ್ಲ.

ಕಾರಣವನ್ನು ಮೇಷ್ಟ್ರು ಎಲ್ಲೋ ಓದಿಕೊಂಡು ಬಂದು ಹೇಳಿದರು. ಮೊಟ್ಟೆಯ ಚಿಪ್ಪು ನೋಡಲು ಮುಚ್ಚಿದ ಹಾಗಿದ್ದರೂ ಅದರ ತುಂಬ ಕಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಒಳಗಿನ ನೀರು ದಿನಾ ಒಂದಿಷ್ಟು ಆರಿ ಹೋಗುತ್ತದೆ, ಆ ಜಾಗಕ್ಕೆ ಗಾಳಿ ಬಂದು ದಪ್ಪ ತುದಿಯಲ್ಲಿ ಕೂಡುತ್ತದೆ. ಚಿಪ್ಪು ಗಟ್ಟಿ, ಕುಗ್ಗುವುದಿಲ್ಲ. ಗಾತ್ರ ಅಷ್ಟೇ, ತೂಕ ಮಾತ್ರ ಕಡಿಮೆ. ಹೊಸ ಮೊಟ್ಟೆ ಅಷ್ಟೇ ಗಾತ್ರದ ನೀರಿಗಿಂತ ನೂರಕ್ಕೆ ಎಂಟು ಪಾಲಿನಷ್ಟು ಭಾರ. ದಿನ ಕಳೆದಂತೆ ಆ ಎಂಟು ಏಳಾಗುತ್ತದೆ, ಐದಾಗುತ್ತದೆ. ಕೊನೆಗೆ ಸೊನ್ನೆಗಿಂತ ಕೆಳಗೆ ಹೋದರೆ ಉಪ್ಪೇ ಬೇಡ, ಸಾದಾ ನೀರಿನಲ್ಲೂ ತೇಲುತ್ತದೆ. ಇದನ್ನು ಅವ್ವನಿಗೆ ಹೇಳಿದಾಗ ಅವಳು, ‘ಅದಕ್ಕೇ ಅಲ್ವ ನೀರಲ್ಲಿ ತೇಲಿದ್ದು ಬಿಸಾಕೋದು’ ಅಂದಳು. ಇಷ್ಟು ಗೊತ್ತಿದ್ದವಳು ಹೊಸ ಮೊಟ್ಟೆ ಕೊಟ್ಟು ಕಳಿಸಿದ್ದಳು. ಅವಳ ಲೆಕ್ಕದಲ್ಲಿ ಒಳ್ಳೆ ಮೊಟ್ಟೆ ಅಂದರೆ ಮುಳುಗುವ ಮೊಟ್ಟೆ. ನಮಗೆ ಬೇಕಾದದ್ದು ತೇಲುವುದು ಎಂದು ನಾನು ಅವಳಿಗೆ ಹೇಳಿಯೇ ಇರಲಿಲ್ಲ.

ನೂರಕ್ಕೆ ಎಂಟು ಪಾಲು ಎಂಬುದನ್ನು ನಾವೇ ಅಳೆಯೋಣ ಎಂದು ಮೇಷ್ಟ್ರಿಗೆ ಹಟ ಬಂತು. ಅಂಗಡಿಯ ತಕ್ಕಡಿಯಲ್ಲಿ ಅವ್ವನ ಮೊಟ್ಟೆ ನಲವತ್ತೆರಡು ಗ್ರಾಮು ತೂಗಿತು. ಲೋಟಕ್ಕೆ ತುಳುಕುವಷ್ಟು ನೀರು ತುಂಬಿ ತಟ್ಟೆಯಲ್ಲಿಟ್ಟು ಮೊಟ್ಟೆ ಮುಳುಗಿಸಿ, ಚೆಲ್ಲಿದ ನೀರನ್ನು ತೂಗಿದರೆ ಮೂವತ್ತೊಂಬತ್ತು. ಭಾಗಿಸಿದರೆ ಸರಿಯಾಗಿ ಬಂತು, ನಾವಿಬ್ಬರೂ ಬೀಗಿದೆವು. ಮಾರನೆಯ ವಾರ ಅದೇ ಮೊಟ್ಟೆಯನ್ನು ತೂಗಿದರೆ ಲೆಕ್ಕ ಎಲ್ಲಿಗೋ ಹೋಯಿತು. ಆ ತಕ್ಕಡಿ ಒಂದು ಗ್ರಾಮು ಆಚೀಚೆ ಆದರೂ ಅಲುಗುತ್ತಿರಲಿಲ್ಲ, ಚೆಲ್ಲಿದ ನೀರಿನಲ್ಲೂ ಒಂದಿಷ್ಟು ಲೋಟದ ಹೊರಮೈಗೆ ಅಂಟಿ ಉಳಿಯುತ್ತಿತ್ತು. ಎರಡೂ ಕಡೆ ಒಂದೊಂದು ಗ್ರಾಮು ತಪ್ಪಿದರೆ ನೂರಕ್ಕೆ ಎಂಟು ಎಂಬುದು ಮೂರೂ ಆಗಬಹುದು, ಹದಿಮೂರೂ ಆಗಬಹುದು. ಹತ್ತು ದಿನದಲ್ಲಿ ಆಗುವ ಬದಲಾವಣೆ ಎರಡು ಪಾಲಿಗಿಂತ ಕಡಿಮೆ. ತಕ್ಕಡಿಗೆ ಅದು ಕಾಣುವುದೇ ಇಲ್ಲ. ಉಪ್ಪು ನೀರಿಗೆ ಕಾಣುತ್ತಿತ್ತು, ಅದೂ ಒಂದು ಪೂರ್ತಿ ಚಮಚದ ವ್ಯತ್ಯಾಸವಾಗಿ. ಅಲ್ಲಿಯವರೆಗೆ ಉಪ್ಪು ನೀರು ತೋರಿಸುವ ವಸ್ತು ಅಂದುಕೊಂಡಿದ್ದೆ. ಅದು ಅಳೆಯುವ ವಸ್ತು ಎಂದು, ನಮ್ಮೂರ ತಕ್ಕಡಿಗಿಂತ ಸೂಕ್ಷ್ಮವಾದ ತಕ್ಕಡಿ ಎಂದು ಹೊಳೆದದ್ದು ಅವತ್ತು. ಭತ್ತದ ಮುದುಕರಿಗೆ ಅದು ಮೊದಲೇ ಗೊತ್ತಿತ್ತು.

ರೇಷ್ಮೆಯವರಿಗೂ ಗೊತ್ತಿತ್ತು ಎಂಬುದು ತಿಳಿದದ್ದು ಎಷ್ಟೋ ವರ್ಷದ ಮೇಲೆ. ಹಾಳೆಗೆ ಅಂಟಿಸದ ಬಿಡಿ ಮೊಟ್ಟೆ ತಯಾರಿಸುವ ಕಡೆ, ಆ ಸಾಸಿವೆ ಕಾಳಿನಂಥ ಮೊಟ್ಟೆಗಳನ್ನು ಹದವಾದ ಉಪ್ಪಿನ ದ್ರಾವಣಕ್ಕೆ ಹಾಕುತ್ತಾರೆ. ಸತ್ತವು, ಫಲ ಕಟ್ಟದವು ತೇಲುತ್ತವೆ, ಅವನ್ನು ತೆಗೆದುಹಾಕಿ ಮುಳುಗಿದ್ದನ್ನು ತೊಳೆದು ಆರಿಸುತ್ತಾರೆ. ನಮ್ಮಪ್ಪ ಜೀವನವಿಡೀ ನಂಬಿದ ಮೊಟ್ಟೆಗೂ ಅವ್ವನ ಗುಡ್ಡಿಗೂ ಒಂದೇ ಪರೀಕ್ಷೆ.

ಈಗ ನಾನೂ ಮೇಷ್ಟ್ರು. ಪ್ರತಿ ವರ್ಷ ಯಾವುದಾದರೂ ಮಗು ಈ ಪ್ರಯೋಗ ತರುತ್ತದೆ, ಯಾವುದಾದರೂ ಒಂದು ವರ್ಷ ಯಾರದ್ದಾದರೂ ಮೊಟ್ಟೆ ಮುಳುಗುತ್ತದೆ. ಹೆಚ್ಚಿನ ಸಲ ಹರಳು ಕರಗುವ ಮೊದಲೇ ಅವಸರ ಪಟ್ಟಿರುತ್ತಾರೆ. ಬಾಟಲಿಯ ತಳದಲ್ಲಿ ಬಿಳಿ ಉಳಿದಿದೆಯೇ ಎಂದು ನೋಡಿದರೆ ಗೊತ್ತಾಗುತ್ತದೆ. ತಳದಲ್ಲಿ ಏನೂ ಇಲ್ಲದೆಯೂ ಮುಳುಗಿದ್ದರೆ ನಾನು ಮೊಟ್ಟೆ ಎಂದಿನದು ಎಂದು ಕೇಳುತ್ತೇನೆ. ಈಚೆಗೆ ಅದಕ್ಕೆ ಉತ್ತರ ಗೊತ್ತಿರುವ ಮಕ್ಕಳು ಕಡಿಮೆ. ಟ್ರೇನಿಂದ ತೆಗೆದದ್ದು ಅನ್ನುತ್ತಾರೆ.

ಅವ್ವನ ಮಾತು ಬಾಕಿ ಇದೆ. ಚಿಕ್ಕಬಳ್ಳಾಪುರದಿಂದ ಬಂದ ರಾತ್ರಿ ಅವಳು ಮೊದಲು ಕೇಳಿದ್ದು, ‘ಗುಡ್ಡುಗಳು?’ ಎರಡನ್ನೂ ರಾಗಿಯಿಂದ ತೆಗೆದುಕೊಟ್ಟೆ. ಅವಳು ಒಂದನ್ನು ಕೆನ್ನೆಗೆ ಒತ್ತಿ ನೋಡಿ, ನಾಲಿಗೆಗೆ ತಾಗಿಸಿದಳು. ‘ಉಪ್ಪು ಮೆತ್ತಿದ್ದೀಯಲ್ಲೇ. ತೊಳೆದ ಮೊಟ್ಟೆ ಕಾವಿಗೆ ಬರಲ್ಲ, ಇದು ಉಪ್ಪಲ್ಲಿ ತೊಳೆದದ್ದು.’ ಹೊಸ ಮೊಟ್ಟೆಯ ಚಿಪ್ಪಿನ ಮೇಲೆ ತೆಳುವಾದ ಪೊರೆಯಂಥದು ಒಂದು ಇರುತ್ತದೆ, ರಂಧ್ರಗಳಿಗೆ ಬಾಗಿಲಿದ್ದ ಹಾಗೆ. ತೊಳೆದರೆ ಅದು ಹೋಗುತ್ತದೆ, ಹೊಲಸು ಒಳಗೆ ಇಳಿಯಲು ದಾರಿಯಾಗುತ್ತದೆ. ಅವಳಿಗೆ ಪೊರೆ ಗೊತ್ತಿರಲಿಲ್ಲ, ಫಲಿತಾಂಶ ಗೊತ್ತಿತ್ತು. ಆದರೂ ಎಸೆಯಲು ಮನಸ್ಸಾಗದೆ, ಒಂದು ವಾರದ ಮೇಲೆ ಕೆಂಪು ಕೋಳಿ ಕಾವಿಗೆ ಕೂತಾಗ ಗೀಟು ಹಾಕಿದ್ದ ಅವೆರಡನ್ನೂ ಉಳಿದವುಗಳ ಜೊತೆ ಇಟ್ಟಳು. ‘ನಿನ್ನ ವಿಜ್ಞಾನದ್ದು ಏನಾಗುತ್ತೋ ನೋಡೋಣ.’

ಹತ್ತೊಂಬತ್ತನೇ ದಿನ ಸಾಯಂಕಾಲ ಅವಳು ಅಗಲವಾದ ಪಾತ್ರೆಯಲ್ಲಿ ಉಗುರು ಬೆಚ್ಚಗಿನ ನೀರು ತಂದಿಟ್ಟು ನನ್ನನ್ನು ಕರೆದಳು. ಬರೀ ನೀರು, ಉಪ್ಪಿಲ್ಲ. ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿ, ಗೀಟು ಹಾಕಿದ್ದ ಒಂದು ಮೊಟ್ಟೆಯನ್ನು ಮೆಲ್ಲಗೆ ನೀರಿಗೆ ಬಿಟ್ಟಳು. ತೇಲಿತು. ನಾನು ನೋಟ್‌ಬುಕ್ಕು ತರಲು ಎದ್ದೆ. ಹತ್ತೊಂಬತ್ತು ದಿನದ ಕಾವಿನಲ್ಲಿ ಎಷ್ಟು ನೀರು ಆರಿರಬೇಕು ಎಂದು ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಅವ್ವ ನನ್ನ ಲಂಗ ಹಿಡಿದು ಕೂರಿಸಿದಳು. ‘ತೇಲೋದು ಎಲ್ಲ ತೇಲುತ್ತೆ. ಕೊಳೆತದ್ದೂ ತೇಲುತ್ತೆ. ಸುಮ್ನೆ ನೋಡು.’ ಮೊಟ್ಟೆ ನೀರಿನ ಮೇಲೆ ಅಲುಗಾಡದೆ ನಿಂತಿತ್ತು. ಅವಳು ಅದನ್ನು ತೆಗೆದು ಪಕ್ಕಕ್ಕಿಟ್ಟಳು, ಬುಟ್ಟಿಗೆ ವಾಪಸ್ ಇಡಲಿಲ್ಲ. ಎರಡನೆಯದನ್ನು ಬಿಟ್ಟಳು. ಅದೂ ಅಷ್ಟೇ ಎತ್ತರಕ್ಕೆ ತೇಲಿ ನಿಂತಿತು. ನೀರು ಪೂರ್ತಿ ಸ್ತಬ್ಧವಾಗುವ ತನಕ ಇಬ್ಬರೂ ಉಸಿರು ಹಿಡಿದು ಬಗ್ಗಿ ನೋಡಿದೆವು. ಆಮೇಲೆ ಯಾರೂ ಮುಟ್ಟದೆ, ಗಾಳಿಯೂ ಇಲ್ಲದೆ, ಮೊಟ್ಟೆ ತಾನೇ ಒಮ್ಮೆ ಕುಲುಕಿತು. ಸುತ್ತ ಸಣ್ಣ ಉಂಗುರವೊಂದು ಎದ್ದು ಪಾತ್ರೆಯ ಅಂಚಿಗೆ ಹೋಗಿ ತಾಗಿತು.